ಸಹಾಯ ಬೇಕು: ಪಚ್ಚಬಾಳೆ ಒಳಗೆ ಹಣ್ಣಾಗಿದೆ, ಸಿಪ್ಪೆ ಮಾತ್ರ ಹಸಿರು

ನಮಸ್ಕಾರ. ಬಾಳೆ ಮಾಗಿಸುವ ಕೋಣೆ ನಡೆಸುವವರು ಇದ್ದರೆ ದಯವಿಟ್ಟು ಹೇಳಿ. ಬಲಿತ ಪಚ್ಚಬಾಳೆಗೆ 100 ಪಿಪಿಎಂ ಎಥಿಲೀನ್ 24 ಗಂಟೆ ಕೊಟ್ಟು, ಆಮೇಲೆ ಬಾಗಿಲು ತೆರೆದು ಗಾಳಿ ಆಡಿಸುತ್ತೇವೆ. ಈ ಸಲ ತಿರುಳು ಸಿಹಿಯಾಗಿ ಮೆತ್ತಗಾಗಿದೆ, ಸಿಪ್ಪೆ ಹಸಿರಾಗಿಯೇ ಉಳಿದಿದೆ, ವ್ಯಾಪಾರಿಗಳು ಮುಟ್ಟುತ್ತಿಲ್ಲ.

ಗೋಡೆಯ ಮೀಟರ್ 18 ಡಿಗ್ರಿ ತೋರಿಸುತ್ತದೆ. ಆದರೆ ನಡುವಿನ ಕ್ರೇಟಿನ ಕಾಯಿಗೆ ಥರ್ಮಾಮೀಟರ್ ಚುಚ್ಚಿ ನೋಡಿದರೆ 27! ಒಮ್ಮೆ ಮಾಗಲು ಶುರುವಾದರೆ ಬಾಳೆ ತಾನೇ ಎಥಿಲೀನ್ ಬಿಡುತ್ತದೆ, ಉಸಿರಾಟ ಜೋರಾಗಿ ಬಿಸಿಯೂ ಏರುತ್ತದೆ ಅಲ್ವಾ. ಸುಮಾರು 24 ಡಿಗ್ರಿ ದಾಟಿದರೆ ಪಚ್ಚಬಾಳೆ ಹಸಿರು ಬಿಡುವುದಿಲ್ಲ, ಹಾಗಾಗಿ ಗ್ಯಾಸ್ ಜಾಸ್ತಿ ಮಾಡಿ ಪ್ರಯೋಜನವಿಲ್ಲ ಅನ್ನಿಸುತ್ತದೆ. ಕ್ರೇಟುಗಳ ಮಧ್ಯೆ ಎಷ್ಟು ಜಾಗ ಬಿಡುತ್ತೀರಿ? ಫ್ಯಾನ್ ಗಾಳಿ ಕ್ರೇಟಿನ ಒಳಗೇ ಹಾಯುವ ಹಾಗೆ ಹೇಗೆ ಜೋಡಿಸುತ್ತೀರಿ?

ಇನ್ನೊಂದು ವಿಷಯ. ಖಾಲಿ ಮೂಲೆಯಲ್ಲಿ ಕಾಯಿ ಅನಾನಸ್ ಇಟ್ಟು ಹಣ್ಣು ಮಾಡೋಣ ಅಂತ ನಮ್ಮ ಪಾಲುದಾರರು ಹಟ ಹಿಡಿದಿದ್ದಾರೆ. ಅನಾನಸ್ ಕಿತ್ತ ಮೇಲೆ ಸಿಹಿ ಏರುವುದಿಲ್ಲ, ಎಥಿಲೀನ್ ಕೊಟ್ಟರೆ ಮೇಲಿನ ಬಣ್ಣ ಮಾತ್ರ ತಿರುಗುತ್ತದೆ, ತಿಂದವರಿಗೆ ಹುಳಿಯೇ ಗತಿ. ಇಟ್ಟು ನೋಡಿದವರು ನಿಮ್ಮ ಅನುಭವ ಬರೆಯಿರಿ, ಅವರಿಗೆ ತೋರಿಸಬೇಕು.