ಪದಚರ್ಚೆ: ಸ್ಲೋಮೋ ವಿಡಿಯೊ ಮಾಮೂಲಿ ವೇಗಕ್ಕೆ ತಂದಾಗ ಬರುವ ‘ಜರ್ಕ್’

ಶ್ಯಾಮಲಾ, ಪುತ್ತೂರು

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಯಕ್ಷಗಾನ ತರಗತಿಯವರಿಗಾಗಿ ಮೊಬೈಲ್ ವಿಡಿಯೊ ತಿದ್ದುವ ಬಗ್ಗೆ ಸಣ್ಣದೊಂದು ಕೈಪಿಡಿ ಬರೆಯುತ್ತಿದ್ದೇನೆ. ಧೀಂಗಿಣದ ಹೆಜ್ಜೆ ಬಿಡಿಸಿ ಕಾಣಲಿ ಅಂತ ಎಲ್ಲರೂ ಸ್ಲೋಮೋದಲ್ಲೇ ತೆಗೆಯುತ್ತಾರೆ. ಆಮೇಲೆ ಅದೇ ತುಣುಕು ಚೆಂಡೆಯ ಪೆಟ್ಟಿನ ಜೊತೆ ಮಾಮೂಲಿ ವೇಗದಲ್ಲೂ ಬೇಕು ಅನ್ನುತ್ತಾರೆ. ವೇಗ ಹೆಚ್ಚಿಸಿದರೆ ವಿಡಿಯೊ ಸಲೀಸಾಗಿ ಓಡುವುದಿಲ್ಲ, ಹಾರಿ ಹಾರಿ ಹೋಗುತ್ತದೆ. ಇಂಗ್ಲಿಷಿನವರು ಜರ್ಕಿ ಅನ್ನುವುದು ಇದನ್ನೇ. ‘ಕುಲುಕಾಟ’ ಎಂದು ಬರೆದಿದ್ದೆ. ಓದಿದ ತಮ್ಮ, “ಕೈ ನಡುಗಿದ್ದಕ್ಕಾ ಅಕ್ಕ ಇದು?” ಎಂದು ಕೇಳಿದ. ಬೇರೆ ಪದ ಇದೆಯೇ? ಹಾಗೆಯೇ, ಈ ತೊಂದರೆ ಬರುವುದು ಯಾಕೆ ಅಂತ ಗೊತ್ತಿದ್ದವರು ತಿಳಿಸಿದರೆ ಕೈಪಿಡಿಗೂ ಆಯಿತು.

ನಾಗರಾಜ, ಧಾರವಾಡ

ಕುಲುಕು ಅಂದರೆ ಇಡೀ ವಸ್ತು ಅಲುಗಾಡುವುದು. ಹಾಲಿನ ಕ್ಯಾನು ಕುಲುಕುತ್ತದೆ, ಬಂಡಿ ಕುಲುಕುತ್ತದೆ. ನಿಮ್ಮ ತಮ್ಮ ಅಂದದ್ದು ಸರಿ. ನೀವು ಹೇಳುತ್ತಿರುವುದು ಚಲನೆ ನಡುನಡುವೆ ತುಂಡಾಗುವುದನ್ನು. ಅದಕ್ಕೆ ನನ್ನ ಆಯ್ಕೆ ‘ಮುಗ್ಗರಿಸು’: ನಡೆಯುವವನು ಎಡವಿ ಮತ್ತೆ ಹೆಜ್ಜೆ ಹಿಡಿದ ಹಾಗೆ. ‘ವಿಡಿಯೊ ಮುಗ್ಗರಿಸುತ್ತದೆ’ ಎಂದರೆ ಯಾರಿಗೂ ಅರ್ಥವಾದೀತು. ತಾಂತ್ರಿಕ ಕಾರಣ ನನ್ನ ಕ್ಷೇತ್ರವಲ್ಲ.

ಗುರುಪ್ರಸಾದ್, ಬೆಂಗಳೂರು

ಕಾರಣ ಸರಳ. ಫೋನು ಸೆಕೆಂಡಿಗೆ 240 ಚಿತ್ರ ತೆಗೆಯುತ್ತದೆ. ನಮ್ಮಲ್ಲಿ ಟಿವಿ ಲೆಕ್ಕ 25 ಆದ್ದರಿಂದ ಎಷ್ಟೋ ಜನ ಎಡಿಟಿಂಗ್ ಆ್ಯಪಿನಲ್ಲೂ 25 ಇಟ್ಟಿರುತ್ತಾರೆ. 240ನ್ನು 25ರಿಂದ ಭಾಗಿಸಿದರೆ 9.6. ಹಾಗಾಗಿ ಒಮ್ಮೆ ಒಂಬತ್ತನೆಯ ಚಿತ್ರ, ಇನ್ನೊಮ್ಮೆ ಹತ್ತನೆಯದು ಎತ್ತಿಕೊಳ್ಳಬೇಕು. ಜರ್ಕ್ ಬರುವುದು ಅಲ್ಲೇ. 30 ಇಟ್ಟರೆ ಸರಿಯಾಗಿ ಎಂಟಕ್ಕೊಂದು, 24 ಇಟ್ಟರೆ ಹತ್ತಕ್ಕೊಂದು. ಟೈಮ್‌ಲೈನ್ 30 ಮಾಡಿ, ಮುಗಿಯಿತು. ಪದ ಬೇಕಿದ್ದರೆ ‘ಜರ್ಕ್’ ಅಂತಲೇ ಬರೆಯಿರಿ, ಎಲ್ಲರೂ ಅದನ್ನೇ ಹೇಳುವುದು.

ಇಕ್ಬಾಲ್, ಹುಬ್ಬಳ್ಳಿ

ಮದುವೆ ವಿಡಿಯೊ ಎಡಿಟಿಂಗ್ ನನ್ನ ಕೆಲಸ, ಅದಕ್ಕೆ ಬರೀತಿದ್ದೀನಿ. ಗುರುಪ್ರಸಾದ್ ಅವರ ಲೆಕ್ಕ ತಪ್ಪಿಲ್ಲ, ಆದರೆ ರೋಗ ಅದಲ್ಲ. ಒಂಬತ್ತಕ್ಕೂ ಹತ್ತಕ್ಕೂ ಇರುವ ಅಂತರ ಒಂದೇ ಚಿತ್ರ, ಅಂದರೆ ಸೆಕೆಂಡಿನ 240ನೇ ಒಂದು ಭಾಗ. ಅಷ್ಟನ್ನು ಹಿಡಿಯುವ ಕಣ್ಣು ಕಡಿಮೆ. ನಿಜವಾದ ಹೊಡೆತ ಬೀಳುವುದು, ಮೊದಲು ಒಂದು ಆ್ಯಪಿನಲ್ಲಿ 30ಕ್ಕೆ ಇಳಿಸಿ ಸೇವ್ ಮಾಡಿ, ಆಮೇಲೆ ಅದನ್ನು 25ರ ಟೈಮ್‌ಲೈನಿಗೆ ಹಾಕಿದಾಗ. ಆಗ ಪ್ರತಿ ಆರನೇ ಚಿತ್ರ ಬಿದ್ದುಹೋಗುತ್ತದೆ, ಸೆಕೆಂಡಿಗೆ ಐದು ಸಲ ಎತ್ತಿಹಾಕುತ್ತದೆ. ನಮ್ಮ ಅಂಗಡಿಯಲ್ಲಿ ಇದಕ್ಕೆ ‘ಕುಂಟತೈತಿ’ ಅಂತೀವಿ. ಮುಗ್ಗರಿಸುವುದು ಯಾವಾಗಲೋ ಒಮ್ಮೆ, ಕುಂಟುವುದು ಹೆಜ್ಜೆ ಹೆಜ್ಜೆಗೂ. ನಾಗರಾಜ ಮೇಷ್ಟ್ರು ಒಪ್ಪುತ್ತಾರೋ ಇಲ್ಲವೋ ನೋಡೋಣ.

ಅಕ್ಕಾರ, ಪದ ಆರಿಸುವ ಮೊದಲು ನಿಮಗೆ ಬಂದಿರುವುದು ಯಾವ ಜರ್ಕ್ ಅಂತ ನೋಡ್ಕೊಳ್ಳಿ. ವಿಡಿಯೊವನ್ನು ವಿಎಲ್‌ಸಿಯಲ್ಲಿ ತೆರೆದು ನಿಲ್ಲಿಸಿ, `E` ಕೀಲಿ ಒತ್ತುತ್ತಾ ಹೋಗಿ. ಒಂದು ಒತ್ತಿಗೆ ಒಂದು ಚಿತ್ರ ಮುಂದೆ ಹೋಗುತ್ತದೆ. ಕುಣಿಯುವವರ ಕೈಯನ್ನೇ ನೋಡ್ತಿರಿ. ನಾಲ್ಕೈದು ಒತ್ತು ಸಮನಾಗಿ ಸರಿದು ಆಮೇಲೆ ಎರಡರಷ್ಟು ಹಾರಿದರೆ, ಅಥವಾ ಒತ್ತಿದರೂ ಅದೇ ಚಿತ್ರ ನಿಂತಿದ್ದರೆ, ಅದು ಕುಂಟು. ಪ್ರತಿ ಒತ್ತಿಗೂ ಸಮನಾಗಿ ಸರಿಯುತ್ತಿದ್ದು, ಓಡಿಸಿದಾಗ ಮಾತ್ರ ಹಾರಿದಂತೆ ಕಂಡರೆ ಎರಡು ಸಾಧ್ಯತೆ ಇವೆ. ಒಂದು, ಫೋನಿಗೋ ಕಂಪ್ಯೂಟರಿಗೋ ಓಡಿಸುವ ಶಕ್ತಿ ಸಾಲುತ್ತಿಲ್ಲ. 240ರ ಮೂಲ ಫೈಲನ್ನೇ ಹಳೆ ಲ್ಯಾಪ್‌ಟಾಪಿನಲ್ಲಿ ಹಾಕಿದರೆ ಹೀಗಾಗುತ್ತದೆ, ಫೈಲಿನ ತಪ್ಪಲ್ಲ. ಎರಡನೆಯದು, ಒಂದೊಂದು ಚಿತ್ರವೂ ಕೆತ್ತಿದಷ್ಟು ಚೂಪಾಗಿದೆ.

ಈ ಎರಡನೆಯದನ್ನೇ ಜನ ಮರೆಯುವುದು. ಮಾಮೂಲಿ ವಿಡಿಯೊದಲ್ಲಿ ಬೀಸಿದ ಕೈ ಸ್ವಲ್ಪ ಮಸುಕಾಗಿ ಮೂಡುತ್ತದೆ, ಆ ಮಸುಕೇ ಒಂದು ಚಿತ್ರವನ್ನು ಮುಂದಿನದಕ್ಕೆ ಬೆಸೆಯುವುದು. ಸೆಕೆಂಡಿಗೆ 240 ತೆಗೆಯುವಾಗ ಒಂದು ಚಿತ್ರಕ್ಕೆ ಬೆಳಕು ಬೀಳುವ ಹೊತ್ತು 1/240 ಸೆಕೆಂಡಿಗಿಂತ ಹೆಚ್ಚಿರಲು ಸಾಧ್ಯವಿಲ್ಲ. ಮಸುಕು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದರಲ್ಲಿ ಎಂಟಕ್ಕೊಂದು ಎತ್ತಿಕೊಂಡು ಏಳನ್ನು ಬಿಸಾಕಿದರೆ, ಲೆಕ್ಕ ಎಷ್ಟೇ ಸರಿಯಿದ್ದರೂ ಕೈ ಬಿಡಿಬಿಡಿಯಾಗಿ ನಿಂತು ನಿಂತು ಹೋದಂತೆ ಕಾಣುತ್ತದೆ. ಬಿಸಾಕುವ ಬದಲು ನಾಲ್ಕನ್ನು ಒಂದರ ಮೇಲೊಂದು ಬೆರೆಸಿದರೆ 1/60 ಸೆಕೆಂಡಿನ ಮಸುಕು ಸಿಗುತ್ತದೆ. 30ರ ವಿಡಿಯೊಗೆ ಅದು ಹದ. ಕಂಪ್ಯೂಟರಿನಲ್ಲಿ ffmpeg ಅನ್ನುವ ತಂತ್ರಾಂಶ ಹಾಕಿಕೊಂಡು, ಟರ್ಮಿನಲ್ಲಿನಲ್ಲಿ ಈ ಕಮಾಂಡು ಕೊಡಿ:

```
ffmpeg -i in.mov -vf "tmix=frames=4,fps=30" -c:a copy out.mp4
```

ಇದು ಫೈಲು ನಿಜವಾಗಿ 240 ಆಗಿದ್ದರೆ ಮಾತ್ರ. ನಿಮ್ಮದು ಯಾವ ಫೋನು, ಫೈಲು ನಿಮ್ಮ ಕೈಗೆ ಹೆಂಗ ಬಂತು?

ರೋಹಿತ್, ನ್ಯೂಜೆರ್ಸಿ

ಇಷ್ಟೆಲ್ಲ ಯಾಕೆ ಬೇಕೋ ಗೊತ್ತಾಗಲಿಲ್ಲ. ಇಲ್ಲಿ ಮಗಳ ಭರತನಾಟ್ಯ ಕ್ಲಾಸನ್ನು ನಾನು ಯಾವಾಗಲೂ ಐಫೋನಿನ ಸ್ಲೋಮೋದಲ್ಲೇ ತೆಗೆಯೋದು. ಎಡಿಟ್ ಒತ್ತಿ, ಕೆಳಗಿರುವ ಎರಡು ಉದ್ದ ಗೆರೆಗಳನ್ನು ಒಂದಕ್ಕೊಂದು ತಾಗಿಸಿಬಿಟ್ಟರೆ ಇಡೀ ವಿಡಿಯೊ ಮಾಮೂಲಿ ವೇಗಕ್ಕೆ ಬರುತ್ತದೆ. ನನಗೆ ಯಾವತ್ತೂ ಮಿಣುಕಿದ್ದು ಕಂಡಿಲ್ಲ.

ಶ್ಯಾಮಲಾ

ಇಕ್ಬಾಲ್ ಅವರೇ, ಐಫೋನಿನದೇ, ತಮ್ಮನ ಫೋನು. ವಾಟ್ಸಾಪಿನಲ್ಲಿ ಕಳಿಸಿದ. ಎಂಟು ಪಟ್ಟು ವೇಗ ಕೊಟ್ಟೆ. ನಡುವಿನ ಭಾಗ ಸರಿಯಾಯಿತು, ಆದರೆ ಮೊದಲ ಮತ್ತು ಕೊನೆಯ ಒಂದೆರಡು ಕ್ಷಣ ವೇಷ ಬಾಣದ ಹಾಗೆ ಓಡುತ್ತದೆ. ರೋಹಿತ್ ಮಿಣುಕು ಅಂದದ್ದು ನೋಡಿ ಇನ್ನೊಂದು ನೆನಪಾಯಿತು. ರಾತ್ರಿ ಆಟದ ತುಣುಕಿನಲ್ಲಿ ರಂಗಸ್ಥಳದ ಬೆಳಕೇ ಬಡಬಡ ಬಡಿದುಕೊಳ್ಳುತ್ತದೆ. ಅದೂ ಜರ್ಕೇ ಅಂದುಕೊಂಡಿದ್ದೆ.

ಇಕ್ಬಾಲ್

ಅಲ್ಲೇ ಇದೆ ನೋಡ್ರಿ. ಐಫೋನು ಮೂಲ ಫೈಲನ್ನು ಮಾಮೂಲಿ ವೇಗದ 240 ಆಗಿಯೇ ಇಟ್ಟುಕೊಂಡು, ‘ಇಲ್ಲಿಂದ ಇಲ್ಲಿಗೆ ನಿಧಾನ ತೋರಿಸು’ ಅಂತ ಬೇರೆ ಗುರುತು ಹಾಕಿರುತ್ತದೆ. ಆ ಎರಡು ಗೆರೆ ಅದೇ. ವಾಟ್ಸಾಪಿಗೆ ಕಳಿಸುವಾಗ ಗುರುತಿನ ಪ್ರಕಾರ ನಿಧಾನ ಮಾಡಿದ ಹೊಸ ಫೈಲು ತಯಾರಾಗುತ್ತದೆ. ಅದರ ತಲೆ ಬಾಲ ಮೊದಲೇ ಮಾಮೂಲಿ ವೇಗ, ನೀವು ಎಂಟು ಪಟ್ಟು ಓಡಿಸಿದರೆ ಬಾಣ ಆಗದೆ ಏನಾದೀತು? ಮೇಲಿಂದ ವಾಟ್ಸಾಪ್ ಹಿಂಡಿದ್ದೂ ಸೇರುತ್ತದೆ.

ಮೂಲವನ್ನೇ ತರಿಸಿ. ತಮ್ಮ ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸುವುದಾದರೆ, ಮೊದಲು ಸೆಟ್ಟಿಂಗ್ಸಿನ Photos ಭಾಗದಲ್ಲಿ Keep Originals ಆರಿಸಿರಲಿ. ಮ್ಯಾಕ್ ಇದ್ದರೆ ಏರ್‌ಡ್ರಾಪ್ ಮಾಡುವಾಗ All Photos Data ಹಾಕಬೇಕು. ಬಂದ ಫೈಲು ಮೂಲವೋ ಅಲ್ಲವೋ ಅಂತ ಹೀಗೆ ಕೇಳಿ:

```
ffprobe -v error -select_streams v:0 -show_entries stream=avg_frame_rate in.mov
```

ಉತ್ತರ 240ರ ಆಸುಪಾಸು ಬಂದರೆ ಮೂಲ, 30 ಬಂದರೆ ಆಗಲೇ ನಿಧಾನ ಮಾಡಿದ್ದು. ಭಾಗಾಕಾರದ ರೂಪದಲ್ಲಿ ದೊಡ್ಡ ಸಂಖ್ಯೆ ಬಂದರೆ ಗಾಬರಿಯಾಗಬೇಡಿ, ಭಾಗಿಸಿ ನೋಡಿ. ಎಷ್ಟೋ ಆಂಡ್ರಾಯ್ಡ್ ಫೋನುಗಳು ನಿಧಾನ ಮಾಡಿದ್ದನ್ನೇ ಇಡುತ್ತವೆ, ಬೇರೆ ಮೂಲವೇ ಇರುವುದಿಲ್ಲ. ಮೊದಲಿಂದ ಕೊನೆಯವರೆಗೂ ಒಂದೇ ನಿಧಾನ ಇರುವಂಥ ಫೈಲಿಗೆ ಇದು:

```
ffmpeg -i in.mp4 -vf "tmix=frames=4,setpts=PTS/8,fps=30" -af "atempo=2,atempo=2,atempo=2" out.mp4
```

ಅದರಲ್ಲಿ ಧ್ವನಿಯೇ ಇಲ್ಲದಿದ್ದರೆ `-af` ಭಾಗ ತೆಗೆದುಬಿಡಿ. ಎಳೆದು ಮತ್ತೆ ಒತ್ತಿದ ಚೆಂಡೆಯ ಸದ್ದು ಮಾತ್ರ ಒಡೆದ ಡಬ್ಬಿಯ ಹಾಗಿರುತ್ತದೆ, ಬೇರೆ ಫೋನಿನ ಧ್ವನಿ ಸಿಕ್ಕರೆ ಅದನ್ನೇ ಹಾಕಿ.

ಬೆಳಕು ಬಡಿದುಕೊಳ್ಳುವುದು ಬೇರೆ ಕಥೆ. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ ಕೆಟ್ಟ ಎಲ್‌ಇಡಿ ಮತ್ತು ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. 30 ಚಿತ್ರ ಎತ್ತಿದರೆ 100 ಸಮನಾಗಿ ಹಂಚಿಕೆಯಾಗುವುದಿಲ್ಲ, ಹತ್ತು ಉಳಿಯುತ್ತದೆ. ಸೆಕೆಂಡಿಗೆ ಹತ್ತು ಸಲ ಮಿಣುಕಿದಂತೆ ಕಾಣುತ್ತದೆ. ರೋಹಿತ್ ಇರುವ ಊರಲ್ಲಿ 60 ಹರ್ಟ್ಸ್, ದೀಪ ಏರಿಳಿಯುವುದು 120 ಸಲ, 30ಕ್ಕೆ ಸರಿಯಾಗಿ ನಾಲ್ಕು. ಅವರಿಗೆ ಕಾಣದಿರುವುದು ಅದಕ್ಕೇ. ನಿಮಗೆ `tmix=frames=12` ಹಾಕಿದರೆ ಮಿಣುಕು ಹೋಗುತ್ತದೆ, ಹನ್ನೆರಡು ಚಿತ್ರಕ್ಕೆ ದೀಪದ ಏರಿಳಿತ ಸರಿಯಾಗಿ ಐದು ಸುತ್ತು ಮುಗಿಯುವುದರಿಂದ. ಆದರೆ ಕೈಗೆ ಬಾಲ ಬೆಳೆಯುತ್ತದೆ. ಧೀಂಗಿಣಕ್ಕೆ ಅದು ಒಗ್ಗೀತೇ ನೀವೇ ಹೇಳಬೇಕು. ಗ್ಯಾಸ್‌ಲೈಟಿನ ಕಾಲದ ಆಟವಾಗಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ.

ನಾಗರಾಜ

ಕುಂಟು ಒಪ್ಪಿಗೆ, ಮುಗ್ಗರಿಸುವುದಕ್ಕಿಂತ ವಾಸಿ. ಹಾಗಾದರೆ ಶ್ಯಾಮಲಾ ಅವರೇ, ಒಂದೇ ಪದದ ಆಸೆ ಬಿಡಿ. ಚಿತ್ರ ಬಿದ್ದು ಹೋಗುತ್ತಿದ್ದರೆ ಕುಂಟುತ್ತದೆ, ಯಂತ್ರಕ್ಕೆ ಸಾಲದಿದ್ದರೆ ತಡವರಿಸುತ್ತದೆ, ಬೆಳಕಿನದಾದರೆ ಮಿಣುಕುತ್ತದೆ. ಮಸುಕಿಲ್ಲದೆ ಬಿಡಿಬಿಡಿಯಾಗುವುದಕ್ಕೆ ಕ್ರಿಯಾಪದ ಹೊಳೆಯುತ್ತಿಲ್ಲ. ‘ಬಿಡಿಯಾಡು’ ಎನ್ನಬಹುದೇನೋ, ನನಗೇ ಪೂರ್ತಿ ಒಪ್ಪಿಗೆಯಿಲ್ಲ.

ಗುರುಪ್ರಸಾದ್

ನಾಲ್ಕು ಪದ ಬರೆದರೆ ಓದುವ ಹುಡುಗರು ಪುಟ ತಿರುಗಿಸುತ್ತಾರೆ ಸರ್. ಜರ್ಕ್ ಅಂತ ತಲೆಬರಹ ಕೊಟ್ಟು ಒಳಗೆ ಬೇಕಾದ್ದು ಬರೆಯಲಿ. 30 ಇಡಬೇಕು ಅನ್ನುವ ನನ್ನ ಮಾತಂತೂ ಇಕ್ಬಾಲ್ ಅವರ ಕಮಾಂಡಿನಲ್ಲೂ ಇದೆ!

ಶ್ಯಾಮಲಾ

ಮೂಲ ಫೈಲು ಬಂತು, 240 ಎಂದೇ ತೋರಿಸಿತು. ರಾತ್ರಿಯ ತುಣುಕಿಗೆ ನಾಲ್ಕು ಬೆರೆಸಿದೆ, ಸುತ್ತು ಹೊಡೆಯುವುದು ಈಗ ನೋಡಲು ಹಿತವಾಗಿದೆ. ಹನ್ನೆರಡು ಹಾಕಿದ್ದರಲ್ಲಿ ಮಿಣುಕು ಪೂರ್ತಿ ಹೋಯಿತು, ಆದರೆ ಗೆಜ್ಜೆಕಾಲು ಮಂಜಾಯಿತು. ಹೆಜ್ಜೆ ಕಾಣದಿದ್ದರೆ ಮಕ್ಕಳಿಗೆ ಏನು ಪ್ರಯೋಜನ. ನಾಲ್ಕೇ ಇರಲಿ, ಮಿಣುಕು ಅಲ್ಪಸ್ವಲ್ಪ ಉಳಿದರೂ ಸೈ. ಇನ್ನೊಂದು ತುಣುಕು ಮಧ್ಯಾಹ್ನ ಅಂಗಳದ ಬಿಸಿಲಲ್ಲಿ ತೆಗೆದದ್ದು. ಅದಕ್ಕೂ ನಾಲ್ಕು ಬೆರೆಸಿದರೆ ಮಸುಕು ಬರಲಿಲ್ಲ, ಕೋಲು ಹಿಡಿದ ಕೈ ಒಂದಿದ್ದದ್ದು ನಾಲ್ಕಾಗಿ ಕಾಣುತ್ತದೆ. ಇದಕ್ಕೇನು ಹೆಸರು, ಏನು ಮದ್ದು?

ಇಕ್ಬಾಲ್

ಬಿಸಿಲಿನಲ್ಲಿ ಫೋನು 1/2000 ಸೆಕೆಂಡಿನಷ್ಟೇ ಬೆಳಕು ಒಳಗೆ ಬಿಟ್ಟಿರಬಹುದು. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಕೈ ಎಲ್ಲಿತ್ತು ಅನ್ನುವುದು ಎಲ್ಲೂ ದಾಖಲಾಗಿಲ್ಲ. ಬೆರೆಸಿದರೆ ನಾಲ್ಕು ಚೂಪು ಕೈ ಸಿಗುತ್ತವೆ ಅಷ್ಟೇ. ಅದಕ್ಕೆ ಬೆರಕೆ ಬೇಡ, `tmix` ತೆಗೆದು `fps=60` ಇಟ್ಟು ನೋಡಿ. ಚೂಪಾಗಿಯೇ ಇರುತ್ತದೆ, ಆದರೆ ಎರಡು ಚಿತ್ರಗಳ ನಡುವಿನ ಹಾರಿಕೆ ಅರ್ಧಕ್ಕೆ ಇಳಿಯುತ್ತದೆ. ಮುಂದಿನ ಸಲ ನೆರಳಲ್ಲಿ ತೆಗೆಯಿರಿ, ಇಲ್ಲವೇ ಶಟರ್ ಕೈಯಾರೆ ಹೊಂದಿಸುವ ಆ್ಯಪಿನಲ್ಲಿ 1/240ಕ್ಕೆ ಕಟ್ಟಿಹಾಕಿ; ಬಿಸಿಲಾದರೆ ಲೆನ್ಸಿನ ಮುಂದೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರೂ ಬೇಕಾಗುತ್ತದೆ, ಇಲ್ಲದಿದ್ದರೆ ಚಿತ್ರ ಬೆಳ್ಳಗಾಗುತ್ತದೆ. ಹೆಸರು ಮೇಷ್ಟ್ರಿಗೆ ಬಿಟ್ಟೆ.

ನಾಗರಾಜ

‘ನೆರಳುಗೈ’ ಅನ್ನೋಣವೆಂದರೆ ಕಾಲಿಗೂ ಹಾಗೆ ಆಗುತ್ತದೆಯಲ್ಲ. ‘ಮರುಬಿಂಬ’? ಕರಾವಳಿಯ ಕಡೆ ಬೇರೆ ಮಾತು ಇದ್ದರೆ ಬರೆಯಿರಿ.