ಪದಚರ್ಚೆ: ನಕಯಾಮಾ ಲೆಮ್ಮಾದ "ಫೈನೈಟ್ಲಿ ಜನರೇಟೆಡ್" ಪದಕ್ಕೆ ಕನ್ನಡದಲ್ಲಿ ಏನು? ನಾಳೆಯೊಳಗೆ ಬೇಕು

ಮೈಸೂರಿನ ಅನುವಾದಕಿ:

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಮಕ್ಕಳ ಗಣಿತ ಪ್ರದರ್ಶನಕ್ಕೆ ಒಂದು ಗೋಡೆಫಲಕವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾಳೆ ಮಧ್ಯಾಹ್ನ ಪ್ರಿಂಟಿಗೆ ಹೋಗಬೇಕು. ಈಗಿನ ವಾಕ್ಯ ಹೀಗಿದೆ:

"R ಒಂದು ಸ್ಥಳೀಯ ವಲಯ, m ಅದರ ಒಂದೇ ಒಂದು ಗರಿಷ್ಠ ಐಡಿಯಲ್. M ಎಣಿಸಬಹುದಾದಷ್ಟು ಜನಕಗಳಿರುವ ಮಾಡ್ಯೂಲ್. mM = M ಆದರೆ M = 0."

"ಫೈನೈಟ್ಲಿ ಜನರೇಟೆಡ್" ಎಂಬುದಕ್ಕೆ "ಎಣಿಸಬಹುದಾದಷ್ಟು ಜನಕಗಳಿರುವ" ಅಂತ ಹಾಕಿದ್ದೇನೆ. ಓದೋಕೆ ಚೆನ್ನಾಗಿದೆ, ಆದರೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. "ಪರಿಮಿತ ಮಾಡ್ಯೂಲ್" ಅಂದರೆ ಸಾಕಾ?

ಬೋರ್ಡ್ ಬರೆಯುವವ, ಶಿವಮೊಗ್ಗ:

ಮೇಡಂ, ಇದು ಅರಣ್ಯ ಇಲಾಖೆ ಬೋರ್ಡಾ? ನಮ್ಮ ಕಡೆ "ವಲಯ" ಅಂದರೆ ವಲಯ ಅರಣ್ಯಾಧಿಕಾರಿ ಕಚೇರಿಯೇ ನೆನಪಿಗೆ ಬರೋದು. "ಸ್ಥಳೀಯ ವಲಯ" ಅಂತ ದೊಡ್ಡದಾಗಿ ಬರೆದರೆ ಜನ ಯಾವ ಊರಿನ ವಲಯ ಅಂತ ಕೇಳುತ್ತಾರೆ. ಇನ್ನೊಂದು ಮಾತು. "ಎಣಿಸಬಹುದಾದಷ್ಟು" ಉದ್ದ ಜಾಸ್ತಿ. ಕೊನೆಯ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ, ಸಾಲಿನ ಅಂತರ ಹೆಚ್ಚಿಸಿ.

ಅಚ್ಚಗನ್ನಡದವ:

ಇದೇ ನೋಡಿ ಸಂಸ್ಕೃತದ ಫಲ. ವಲಯ, ಗರಿಷ್ಠ, ಜನಕ, ಪರಿಮಿತ. ಕನ್ನಡ ಎಲ್ಲಿದೆ ಇದರಲ್ಲಿ? "ರಿಂಗ್" ಗಣಿತಕ್ಕೆ ಬಂದಿದ್ದು ಜರ್ಮನ್ನಿನಿಂದ. 1897ರಲ್ಲಿ ಹಿಲ್ಬರ್ಟ್ ಬಳಸಿದ ಪದ. ಜರ್ಮನ್ನಿನಲ್ಲಿ ಆ ಪದಕ್ಕೆ ಬಳೆ, ಉಂಗುರ ಅನ್ನೋದರ ಜೊತೆಗೆ ಕೂಟ ಅಂತಲೂ ಅರ್ಥ ಇದೆ. ಹಾಗಾಗಿ "ಕೂಟ" ಅನ್ನಿ. "ಫೈನೈಟ್" ಅಂದರೆ "ಇಂತಿಷ್ಟೇ". "ಇಂತಿಷ್ಟೇ ಹುಟ್ಟುಕಗಳ". ಮುಗಿಯಿತು.

ನಿವೃತ್ತ ಗಣಿತ ಮೇಷ್ಟ್ರು, ಧಾರವಾಡ:

ಕೂಟದ ಜಗಳ ಆಮೇಲೆ. ಮೇಡಂ, ನಿಮ್ಮ ಮನಸ್ಸು ಒಪ್ಪದೇ ಇದ್ದಿದ್ದು ಸರಿ. "ಎಣಿಸಬಹುದಾದಷ್ಟು" ಅಂತ ಹಾಕಿದರೆ ಲೆಮ್ಮಾ ಸುಳ್ಳಾಗುತ್ತದೆ. ಒಂದು, ಎರಡು, ಮೂರು ಅಂತ ನಂಬರು ಹಾಕುತ್ತಾ ಹೋಗಬಹುದಾದರೆ ಸಾಕು, ಅದು ಎಣಿಸಬಹುದಾದದ್ದೇ. ಪಟ್ಟಿ ಮುಗಿಯಬೇಕಾಗಿಲ್ಲ.

ಒಂದು ಉದಾಹರಣೆ ನೋಡಿ. ಛೇದ 5ರಿಂದ ಭಾಗವಾಗದ ಭಿನ್ನರಾಶಿಗಳೆಲ್ಲ ಸೇರಿ R. ಅದರಲ್ಲಿ m ಅಂದರೆ 5ರ ಗುಣಕಗಳು. M ಅಂತ ಎಲ್ಲಾ ಭಿನ್ನರಾಶಿಗಳನ್ನೂ, ಅಂದರೆ Q ತೆಗೆದುಕೊಳ್ಳಿ. ಯಾವ q ಕೊಟ್ಟರೂ q = 5·(q/5). ಹಾಗಾಗಿ mM = M. ಆದರೆ M ಸೊನ್ನೆಯಲ್ಲ. ಇದರ ಜನಕಗಳು 1, 1/5, 1/25, 1/125, ಹೀಗೆ. ನಂಬರು ಹಾಕಬಹುದು, ಮುಗಿಯೋದಿಲ್ಲ. ನಿಮ್ಮ ವಾಕ್ಯದ ಪ್ರಕಾರ ಇದು ಸೊನ್ನೆ ಆಗಬೇಕಿತ್ತು!

"ಪರಿಮಿತ ಮಾಡ್ಯೂಲ್" ಕೂಡ ಬೇಡ. R ತನ್ನ ಮೇಲೆ ತಾನೇ ಒಂದು ಮಾಡ್ಯೂಲ್. ಒಂದೇ ಜನಕ ಸಾಕು, ಆದರೆ ಒಳಗಿರುವ ಸಂಖ್ಯೆಗಳಿಗೆ ಕೊನೆಯಿಲ್ಲ. "ಪರಿಮಿತ" ಅನ್ನೋದು ಜನಕಗಳ ಸಂಖ್ಯೆಗೆ ಅಂಟಬೇಕು. ಶಾಲೆಯಲ್ಲಿ "ಪರಿಮಿತ ಗಣ" ಓದಿದ ಮಕ್ಕಳಿಗೆ ಈ ಪದ ಹೊಸದಲ್ಲ.

ಫಲಕದಲ್ಲಿ ಸಾಧನೆಯನ್ನೂ ಹಾಕಿ. ನಾಲ್ಕೇ ಸಾಲು, ಪದದ ಮಹತ್ವ ಅಲ್ಲೇ ಕಾಣುತ್ತದೆ. M ಸೊನ್ನೆಯಲ್ಲ ಅಂತ ಇಟ್ಟುಕೊಳ್ಳಿ. ಆದಷ್ಟು ಕಡಿಮೆ ಜನಕಗಳನ್ನು ಆರಿಸಿ, u₁, …, uₙ. uₙ ಇರೋದು M ಒಳಗೆ, ಅಂದರೆ mM ಒಳಗೆ. ಹಾಗಾಗಿ

uₙ = a₁u₁ + … + aₙuₙ, ಪ್ರತಿಯೊಂದು aᵢ ಕೂಡ m ಒಳಗಿನದು.

aₙuₙ ಅನ್ನು ಈ ಕಡೆಗೆ ತನ್ನಿ. (1 − aₙ)uₙ = a₁u₁ + … + aₙ₋₁uₙ₋₁. ಈಗ 1 − aₙ ಎಂಬುದು m ಒಳಗೆ ಇರೋಕೆ ಸಾಧ್ಯವಿಲ್ಲ. ಇದ್ದಿದ್ದರೆ 1 ಕೂಡ m ಒಳಗೆ ಬರುತ್ತಿತ್ತು. m ಹೊರಗಿರುವ ಪ್ರತಿಯೊಂದರಿಂದಲೂ ಭಾಗಿಸಬಹುದು, R ಲೋಕಲ್ ಆಗಿರೋದರ ಲಾಭವೇ ಅದು. ಭಾಗಿಸಿದರೆ uₙ ಉಳಿದವುಗಳಿಂದಲೇ ಸಿಗುತ್ತದೆ. ಅಂದರೆ ಅದು ಬೇಕೇ ಇರಲಿಲ್ಲ. ಆದಷ್ಟು ಕಡಿಮೆ ಆರಿಸಿದ್ದೇವೆ ಅಂದಿದ್ದಕ್ಕೆ ಇದು ವಿರುದ್ಧ.

"ಕಡಿಮೆ ಸಂಖ್ಯೆಯ ಪಟ್ಟಿ" ಅನ್ನೋ ಮಾತಿಗೆ ಅರ್ಥ ಬರೋದು ಪಟ್ಟಿ ಮುಗಿಯುವಾಗ ಮಾತ್ರ. Q ವಿಷಯದಲ್ಲಿ 1 ಬಿಟ್ಟುಬಿಡಿ, 1/5 ಇದೆ. 1/5 ಬಿಡಿ, 1/25 ಇದೆ. ಬಿಡುತ್ತಲೇ ಹೋಗಬಹುದು, ಕೊನೆಗೆ ತಲುಪೋದಿಲ್ಲ.

ಪಿಎಚ್.ಡಿ. ಹುಡುಗ, ಬೆಂಗಳೂರು:

ಸರ್, ಉಪಯೋಗವನ್ನೂ ಒಂದು ಸಾಲು ಸೇರಿಸಬಹುದಲ್ವಾ? M/mM ಒಂದು ವೆಕ್ಟರ್ ಸ್ಪೇಸ್. ಅದರ ಆಧಾರವನ್ನು M ಒಳಗೆ ಎತ್ತಿಕೊಂಡರೆ ಅವೇ M ಜನಕಗಳು. ಹಾಗಾಗಿ M/mM ಆಯಾಮ ಪರಿಮಿತವಾಗಿದ್ದರೆ M ಜನಕಗಳೂ ಪರಿಮಿತ. ನಾನು ಇದನ್ನು ಯಾವಾಗಲೂ ಬಳಸುತ್ತೇನೆ.

ನಿವೃತ್ತ ಗಣಿತ ಮೇಷ್ಟ್ರು:

M ಗೆ ಪರಿಮಿತ ಜನಕಗಳಿವೆ ಅಂತ ಗೊತ್ತಿದ್ದರೆ ಮಾತ್ರ ಮೊದಲರ್ಧ ಸರಿ, ಎರಡನೆಯದು ತಪ್ಪು. ಮತ್ತೆ Q ನೋಡಿ. Q/5Q ಅಂದರೆ 0. ಆಯಾಮ ಸೊನ್ನೆ. ನಿನ್ನ ಮಾತಿನಂತೆ Q ಗೆ ಜನಕಗಳೇ ಬೇಡ! ಎತ್ತಿಕೊಂಡವುಗಳಿಂದ ಹುಟ್ಟುವ ಭಾಗವನ್ನು N ಅನ್ನು. M = N + mM. ಆಗ ಲೆಮ್ಮಾ ಹಾಕೋದು M/N ಮೇಲೆ. ಅದಕ್ಕೆ ಪರಿಮಿತ ಜನಕಗಳು ಇವೆ ಅಂತ ಮೊದಲೇ ಗೊತ್ತಿರಬೇಕು. ಲೆಮ್ಮಾ ಬಳಸಿ ಅದನ್ನೇ ಸಾಧಿಸೋಕೆ ಹೋದರೆ ಸುತ್ತಿ ಅಲ್ಲೇ ಬರುತ್ತೀಯ. ಪರೀಕ್ಷೆಯ ಪೇಪರುಗಳಲ್ಲಿ ನಾನು ಅತಿ ಹೆಚ್ಚು ನೋಡಿದ ತಪ್ಪು ಇದು.

ಉಪಯೋಗಕ್ಕೆ y² = x³ ಹಾಕಿ, ಚಿತ್ರವೂ ಚೆನ್ನಾಗಿರುತ್ತದೆ. ಮೂಲಬಿಂದುವಿನಲ್ಲಿ m ಹುಟ್ಟೋದು x, y ಎರಡರಿಂದ. ಒಂದರಲ್ಲೇ ಮುಗಿಸಬಹುದಾ? m/m² ನೋಡು. y² − x³ ನಲ್ಲಿ ಒಂದನೇ ಘಾತದ ಪದವೇ ಇಲ್ಲ, ಹಾಗಾಗಿ ಅಲ್ಲಿ x, y ನಡುವೆ ಯಾವ ಸಂಬಂಧವೂ ಹುಟ್ಟೋದಿಲ್ಲ. ಆಯಾಮ 2. ಲೆಮ್ಮಾ ಪ್ರಕಾರ ಎರಡು ಜನಕ ಬೇಕೇ ಬೇಕು. ವಕ್ರರೇಖೆಯ ಆಯಾಮ ಮಾತ್ರ 1. ಆ ವ್ಯತ್ಯಾಸವೇ ಚಿತ್ರದಲ್ಲಿ ಕಾಣುವ ಚೂಪು.

ಪಿಎಚ್.ಡಿ. ಹುಡುಗ:

ಅರ್ಥ ಆಯಿತು ಸರ್. ನನ್ನ ಟಿಪ್ಪಣಿಯಲ್ಲಿ ಎರಡು ಕಡೆ ತಿದ್ದಬೇಕು. "ಲೆಮ್ಮಾ"ಗೆ "ಅನುಪ್ರಮೇಯ" ಅಂತ ನೋಡಿದ್ದೇನೆ, ಅದನ್ನೇ ಹಾಕಬಹುದಾ?

ಅಚ್ಚಗನ್ನಡದವ:

"ಅನು" ಅಂದರೆ ಹಿಂದೆ ಬರೋದು. ಲೆಮ್ಮಾ ಮುಂದೆ ಬರೋದು. ಅನುಪ್ರಮೇಯ ಅಂದರೆ ಕೊರಾಲರಿ ಆಗುತ್ತದೆ. ಲೆಮ್ಮಾ ಗ್ರೀಕಿನಲ್ಲಿ "ತೆಗೆದುಕೊಂಡದ್ದು". ಸಂಸ್ಕೃತದವರು ಪದ ಹುಟ್ಟಿಸುವಾಗ ಇದನ್ನು ನೋಡೋದೇ ಇಲ್ಲ.

ನಿವೃತ್ತ ಗಣಿತ ಮೇಷ್ಟ್ರು:

ಈ ಸಲ ನಿಮ್ಮ ಮಾತು ಒಪ್ಪಿದೆ. "ಲೆಮ್ಮಾ" ಅಂತಲೇ ಇರಲಿ. ಹೆಸರಿನ ಬಗ್ಗೆಯೂ ಒಂದು ಮಾತು. ಇದನ್ನು ಕ್ರುಲ್ ಮತ್ತು ಅಜುಮಾಯಾ ಅವರ ಪ್ರಮೇಯ ಅನ್ನಬೇಕು ಅಂತ ನಕಯಾಮಾ ಅವರೇ ಹೇಳುತ್ತಿದ್ದರು. ಮತ್ಸುಮುರಾ ತಮ್ಮ ಪುಸ್ತಕದಲ್ಲಿ ಇದನ್ನು ದಾಖಲಿಸಿದ್ದಾರೆ. ಫಲಕದ ಮೂಲೆಯಲ್ಲಿ ಸಣ್ಣಕ್ಷರದಲ್ಲಾದರೂ ಆ ಇಬ್ಬರ ಹೆಸರು ಇರಲಿ.

ಆದರೆ "ಇಂತಿಷ್ಟೇ" ಒಪ್ಪಲಾರೆ. ಇಂತಿಷ್ಟೇ ಅಂದರೆ ಮೊದಲೇ ಗೊತ್ತು ಮಾಡಿದ ಲೆಕ್ಕ. ಇಲ್ಲಿ n ಎಷ್ಟಾದರೂ ಇರಬಹುದು, ಮುಗಿದರೆ ಸಾಕು.

ಅಚ್ಚಗನ್ನಡದವ:

ಹಳ್ಳಿಯಲ್ಲಿ "ಮದುವೆಗೆ ಇಂತಿಷ್ಟು ಜನ ಅಂತ ಹೇಳಿ" ಅನ್ನುವಾಗ ಯಾರೂ ಮೊದಲೇ ಗೊತ್ತು ಮಾಡಿರೋದಿಲ್ಲ. ಒಂದು ಲೆಕ್ಕ ಇದೆ ಅಂತಷ್ಟೇ ಅರ್ಥ. ನೀವು ಪುಸ್ತಕದ ಕನ್ನಡ ಮಾತಾಡುತ್ತಿದ್ದೀರಿ.

ಮೈಸೂರಿನ ಅನುವಾದಕಿ:

ಇಬ್ಬರಿಗೂ ಧನ್ಯವಾದ. ಪ್ರಿಂಟಿಗೆ ಕಳಿಸುತ್ತಿರುವ ವಾಕ್ಯ:

"R ಒಂದು ಲೋಕಲ್ ರಿಂಗ್, m ಅದರ ಒಂದೇ ಒಂದು ಗರಿಷ್ಠ ಐಡಿಯಲ್. M ಪರಿಮಿತ ಸಂಖ್ಯೆಯ ಜನಕಗಳಿಂದ ಹುಟ್ಟುವ ಮಾಡ್ಯೂಲ್. mM = M ಆದರೆ M = 0."

ಕೆಳಗೆ Q ಉದಾಹರಣೆ, y² = x³ ಚಿತ್ರ, ಮೂಲೆಯಲ್ಲಿ ಕ್ರುಲ್ ಮತ್ತು ಅಜುಮಾಯಾ. ಸಾಲಿನ ಅಂತರವನ್ನೂ ಹೆಚ್ಚಿಸಿದ್ದೇನೆ.

ಅಚ್ಚಗನ್ನಡದವ:

"ಹುಟ್ಟುವ" ಬಂತಲ್ಲ, ಅಷ್ಟು ಸಂತೋಷ. "ಲೋಕಲ್ ರಿಂಗ್" ಅನ್ನೋದನ್ನು ನಾನು ಒಪ್ಪಿಲ್ಲ. ಅದಕ್ಕೆ ಬೇರೆ ಎಳೆ ಶುರು ಮಾಡುತ್ತೇನೆ.