22 ಇದ್ದದ್ದು 29 ಆಗಿದೆ, ಬಾಗು ನಿಜಕ್ಕೂ ಜಾಸ್ತಿಯಾಗಿದೆಯಾ?

ಫಿಜಿಯೋ_ಕಲಬುರಗಿ: 13 ವರ್ಷದ ಹುಡುಗಿ, ಎದೆಭಾಗದಲ್ಲಿ ಬೆನ್ನುಮೂಳೆ ಬಲಕ್ಕೆ ಬಾಗಿದೆ. ಹೋದ ವರ್ಷದ ಎಕ್ಸ್‌ರೇ ರಿಪೋರ್ಟಿನಲ್ಲಿ ಬಾಗಿನ ಅಳತೆ, ಅಂದರೆ ಕಾಬ್ ಕೋನ, 22 ಡಿಗ್ರಿ, ಈಗ 29. ಮನೆಯವರು ಗಾಬರಿಯಾಗಿದ್ದಾರೆ. ಮೂಳೆಗಳ ತಿರುಚು ಎಷ್ಟಿದೆ ಅಂತ ಎರಡರಲ್ಲೂ ಬರೆದಿಲ್ಲ. ಎರಡೂ ಫಿಲ್ಮ್ ನನ್ನ ಹತ್ತಿರ ಇವೆ, ಎಲ್ಲಿಂದ ಶುರು ಮಾಡಲಿ?

ಬೀದರ್_ಅಮ್ಮ: ನನ್ನ ಮಗಳಿಗೂ ಹೀಗೇ ಇತ್ತು ರೀ, ಸ್ಕೂಲ್ ಬ್ಯಾಗ್ ಭಾರದಿಂದಲೇ ಅಂತ ಎಲ್ಲರೂ ಅಂದರು. ಬ್ಯಾಗ್ ಬದಲಿಸಿದರೆ ಸರಿಹೋಗುತ್ತಾ?

ಎಕ್ಸ್‌ರೇ_ಹಳಬ: ಅಮ್ಮಾ, ಬ್ಯಾಗಿನಿಂದ ಈ ಬಾಗು ಬರಲ್ಲ, ಮಗಳನ್ನು ಮೂಳೆ ಡಾಕ್ಟರಿಗೆ ತೋರಿಸಿ. ಫಿಜಿಯೋ ಅವರೇ, ಎರಡು ರಿಪೋರ್ಟಿನಲ್ಲೂ ಯಾವ ಮೂಳೆಯಿಂದ ಯಾವ ಮೂಳೆಗೆ ಅಳೆದಿದ್ದಾರೆ?

ಫಿಜಿಯೋ_ಕಲಬುರಗಿ: ಹಳೆಯದು ಟಿ6ರಿಂದ ಟಿ11. ಹೊಸದು ಟಿ5ರಿಂದ ಟಿ12.

ಎಕ್ಸ್‌ರೇ_ಹಳಬ: ಹಾಗಾದರೆ ಆ ಎರಡು ಅಂಕಿ ಹೋಲಿಸುವುದೇ ತಪ್ಪು. ಎರಡನ್ನೂ ಟಿ5–ಟಿ12ಕ್ಕೆ ನೀವೇ ಅಳೆಯಿರಿ: ಟಿ5ರ ಮೇಲಿನ ಅಂಚಿಗೊಂದು ಗೆರೆ, ಟಿ12ರ ಕೆಳಗಿನ ಅಂಚಿಗೊಂದು ಗೆರೆ, ಅವುಗಳ ನಡುವಿನ ಕೋನ. ಅಂಚು ಎರಡು ಗೆರೆಯಾಗಿ ಕಂಡರೆ ಒಂದನ್ನೇ ಹಿಡಿದು, ಎರಡೂ ಫಿಲ್ಮಿನಲ್ಲಿ ಅದನ್ನೇ ಬಳಸಿ. ಅಂಚು ಮಸುಕಾಗಿದ್ದರೆ ಮೂಳೆಯ ಎರಡು ಬದಿಗೆ ದುಂಡಗೆ ಕಾಣುವ ಪೆಡಿಕಲ್‌ಗಳ ಮೇಲೆ ಗೆರೆ ಎಳೆಯಬಹುದು.

ಯಾದಗಿರಿ_ಟೆಕ್ನಿಷಿಯನ್: ತಿರುಚು ನೋಡೋಕೆ ಮುಳ್ಳುಮೂಳೆ ಯಾವ ಕಡೆ ಸರಿದಿದೆ ನೋಡಿದರೆ ಸಾಕು, ಅಲ್ವಾ?

ಎಕ್ಸ್‌ರೇ_ಹಳಬ: ದಿಕ್ಕು ಗೊತ್ತಾಗುತ್ತೆ, ಆದರೆ ಆ ಮುಳ್ಳೇ ಸೊಟ್ಟಗಿರಬಹುದು, ಅದಕ್ಕೆ ಅಳತೆಗೆ ನಂಬಲ್ಲ. ಪೆಡಿಕಲ್ ನೋಡಿ. ಬಾಗಿನ ನಡುವೆ ಎಲ್ಲಕ್ಕಿಂತ ಹೊರಕ್ಕೆ ಸರಿದ ಮೂಳೆ ಹಿಡಿದು, ಉಬ್ಬಿದ ಬದಿಯ ಅಂಚಿನಿಂದ ನಡುಗೆರೆಯವರೆಗೆ ಮನಸ್ಸಲ್ಲೇ ಮೂರು ಭಾಗ ಮಾಡಿ. ಆ ಬದಿಯ ಪೆಡಿಕಲ್ ಅಂಚಿನ ಭಾಗದಲ್ಲೇ ಸ್ವಲ್ಪ ಒಳಗೆ ಬಂದಿದ್ದರೆ ಗ್ರೇಡ್ 1, ಎರಡನೇ ಭಾಗಕ್ಕೆ ಬಂದರೆ 2, ನಡುಗೆರೆಗೆ ಬಂದರೆ 3. ಇದು ನ್ಯಾಶ್-ಮೋ ಪದ್ಧತಿ. ಇದರಿಂದ ಡಿಗ್ರಿ ಕೇಳಬೇಡಿ, ಗ್ರೇಡ್ ಅಷ್ಟೇ. ಇನ್ನೊಂದು, ಹುಡುಗಿ ಸ್ಟ್ಯಾಂಡಿನ ಮುಂದೆ ಸ್ವಲ್ಪ ಓರೆ ನಿಂತಿದ್ದರೆ ಬಾಗಿನ ಹೊರಗಿನ ಮೂಳೆಗಳಲ್ಲೂ ಪೆಡಿಕಲ್ ಸರಿದಿರುತ್ತೆ, ಅದನ್ನೂ ನೋಡಿ.

ಫಿಜಿಯೋ_ಕಲಬುರಗಿ: ಅಳೆದೆ ಸರ್. ಹಳೆಯದು 25, ಹೊಸದು 28. ಟಿ8ರಲ್ಲಿ ಎರಡರಲ್ಲೂ ಗ್ರೇಡ್ 1. ಸೊಂಟದ ಕಡೆಯ ಮೂಳೆಗಳು ನೇರವಾಗೇ ಇವೆ.

ಎಕ್ಸ್‌ರೇ_ಹಳಬ: 3 ಡಿಗ್ರಿ ವ್ಯತ್ಯಾಸ ಅಳತೆಯ ಕೈವಾಡವೇ ಇರಬಹುದು. ಒಬ್ಬರೇ ಎರಡು ಸಲ ಅಳೆದರೂ 5 ಡಿಗ್ರಿ ಹತ್ತಿರ ಆಚೀಚೆ ಆಗೋದು ಮಾಮೂಲು. ಹಳೆಯ ಫಿಲ್ಮ್ ನಿಂತೇ ತೆಗೆದದ್ದಾ?

ಫಿಜಿಯೋ_ಕಲಬುರಗಿ: ಬರೆದಿಲ್ಲ.

ಎಕ್ಸ್‌ರೇ_ಹಳಬ: ಎಡಗಡೆ ಡಯಾಫ್ರಾಮಿನ ಕೆಳಗೆ ಹೊಟ್ಟೆಯ ಗಾಳಿ ನೋಡಿ. ನಿಂತಿದ್ದರೆ ಅದರ ತಳ ಗೀರಿದ ಹಾಗೆ ಮಟ್ಟವಾಗಿ ಇರುತ್ತೆ. ಮಲಗಿಸಿ ತೆಗೆದರೆ ಬಾಗು ಕಡಿಮೆ ಕಾಣುತ್ತೆ, ಆಗ ಆ 25 ನಿಂತಾಗ ಇನ್ನೂ ಜಾಸ್ತಿ ಇದ್ದಿರಬೇಕು.

ಫಿಜಿಯೋ_ಕಲಬುರಗಿ: ಹೊಸದರಲ್ಲಿ ಮಟ್ಟ ಸ್ಪಷ್ಟ. ಹಳೆಯದರಲ್ಲಿ ಗಾಳಿಯೇ ಸರಿಯಾಗಿ ಕಾಣಲ್ಲ.

ಎಕ್ಸ್‌ರೇ_ಹಳಬ: ಹಾಗಾದರೆ ಅದರಿಂದ ಏನೂ ಹೇಳಕ್ಕಾಗಲ್ಲ. ತೆಗೆದ ಕಡೆ ಕೇಳಿ. ಹುಡುಗಿ ಇನ್ನೂ ಬೆಳೆಯುತ್ತಿದ್ದಾಳೆ, 25 ದಾಟಿದೆ, ಹಾಗಾಗಿ ಬೆಲ್ಟ್ ಹಾಕಬೇಕಾ ಅನ್ನೋದನ್ನು ಮೂಳೆ ಡಾಕ್ಟರೇ ಹೇಳಬೇಕು. ಎರಡೂ ಫಿಲ್ಮ್ ಕೊಟ್ಟು ಕಳಿಸಿ, ರಿಪೋರ್ಟ್ ಮಾತ್ರ ಅಲ್ಲ.